ಪಕ್ಕದ ಮನೆಯ ನೀಲಿ ಸ್ಕೂಟರ್

ಅಪ್ಪಾ,

ಪಕ್ಕದ ಮನೆಯ ಟೈಲರ್ ಕುಟುಂಬ ತಮ್ಮ ಮೊದಲ ಸ್ಕೂಟರ್ ಕೊಂಡಿದೆ. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿಲ್ಲ. ಶುಭಾಶಯದ ಚೀಟಿ ಬರೆಯುವುದು ನಮ್ಮ ಮನೆಯಲ್ಲಿ ನಿಮ್ಮ ಕೆಲಸವಾಗಿತ್ತು. ಈ ಸಲ ನಾನೇ ಕೂತೆ.

ಮೊದಲು ಬರೆದದ್ದರಲ್ಲಿ ಹೆಲ್ಮೆಟ್, ವಿಮೆ, ಮೊದಲ ಸರ್ವೀಸ್ ಎಲ್ಲ ಇತ್ತು. ನಿಮ್ಮ ಅಳಿಯ ಓದಿ, "ಇದೇನು ಶುಭಾಶಯನಾ, ಪೊಲೀಸ್ ನೋಟಿಸಾ?" ಎಂದರು. ಹರಿದು ಹಾಕಿದೆ. ಬುದ್ಧಿ ಹೇಳುವುದು ಬಿಟ್ಟು, ಕಂಡದ್ದನ್ನಷ್ಟೇ ಬರೆದೆ:

"ನಮ್ಮ ಬೀದಿಗೆ ಬಂದ ನೀಲಿ ಸುಂದರಿಗೆ ಸ್ವಾಗತ. ಬೆಳಗ್ಗೆಯಿಂದ ನೀವು ಮೂವರೂ ಸರದಿ ಮೇಲೆ ಅದನ್ನು ಒರೆಸುತ್ತಿರುವುದನ್ನು ಕಿಟಕಿಯಿಂದ ನೋಡಿ ನಮಗೂ ಖುಷಿಯಾಯಿತು. ಅಭಿನಂದನೆಗಳು. ಒರೆಸಿ ಒರೆಸಿ ಬಣ್ಣ ಹೋಗುವ ಮೊದಲು ನಮಗೂ ಒಂದು ಸುತ್ತು ಸಿಗಲಿ."

ಚೀಟಿ ಕೊಟ್ಟು ಬಂದು ಪಾತ್ರೆ ತೊಳೆಯುತ್ತಿದ್ದಾಗ ಟೈಲರ್ ಹೆಂಡತಿ ಕೀ ಕುಣಿಸುತ್ತ ಬಾಗಿಲಿಗೆ ಬಂದಳು. "ಎಲ್ರೂ ಮೈಲೇಜ್ ಎಷ್ಟು ಅಂತ ಕೇಳಿದ್ರು. ಸುತ್ತು ಕೇಳಿದ್ದು ನೀವೊಬ್ರೇ ಅಕ್ಕ. ಬನ್ನಿ, ಹತ್ತಿ."

ಚೆನ್ನಾಗಿಯೇ ಓಡಿಸುತ್ತಾಳೆ. ತಿರುವಿಗೆ ಮೊದಲೇ ಇಂಡಿಕೇಟರ್ ಹಾಕುತ್ತಾಳೆ. ಹಿಂದೆ ಕೂತು ಗಟ್ಟಿಯಾಗಿ ನಕ್ಕೆ, ಅಪ್ಪಾ. ವೃತ್ತದ ಬಳಿ ನಿಧಾನಿಸಿ, "ಯಾವ ಕಡೆ ಹೋಗೋಣ?" ಎಂದು ಕೇಳಿದಳು.

"ಆಸ್ಪತ್ರೆ ರಸ್ತೆ ಒಂದು ಬಿಟ್ಟು ಎಲ್ಲಿಗಾದ್ರೂ."

ನೀವು ಹೋದ ಆ ದಿನ ಆಸ್ಪತ್ರೆಗೆ ಯಾವ ಗಾಡಿಯೂ ಸಿಗದೆ ನಾನು ನಿಮ್ಮನ್ನು ಹಿಡಿದುಕೊಂಡು ಬೀದಿಯಲ್ಲಿ ನಿಂತದ್ದನ್ನು ಅವಳೂ ಕಂಡಿದ್ದಳು. ಸ್ಕೂಟರನ್ನು ಇನ್ನೊಂದು ಕಡೆ ತಿರುಗಿಸಿ, "ನನ್ನ ನಂಬರ್ ಇಟ್ಕೊಳ್ಳಿ ಅಕ್ಕ. ಯಾವ ಹೊತ್ತಾದ್ರೂ ಕರೀರಿ" ಎಂದಳು.

ಇಟ್ಟುಕೊಂಡೆ.