ಪರ್ಸಿನಲ್ಲಿದ್ದ ಹಳದಿ ಪೊಟ್ಟಣ

ಗೊಟ್ಟಿಗೆರೆ
ಡಿಸೆಂಬರ್ 14, ಭಾನುವಾರ

ಪ್ರೀತಿಯ ಅಜ್ಜಿ,

ಮಂಡಿ ನೋವು ಹೇಗಿದೆ? ಶಾಲಿನಿ ಅತ್ತೆಯ ಪಾಪು ರಾತ್ರಿ ನಿನ್ನನ್ನು ಮಲಗಲು ಬಿಡುತ್ತಾ? ಬಾಣಂತಿಗೆ ಮಾಡಿದ ಮೆಣಸಿನ ಸಾರನ್ನು ನೀನೂ ಸ್ವಲ್ಪ ಕುಡಿ. ಫೋನಿನಲ್ಲಿ ನೀನು ಜೋರಾಗಿ ಕೂಗುತ್ತೀಯ, ನಾನು ಹೇಳಿದ್ದು ಕೇಳಿಸುವ ಮೊದಲೇ ಕಟ್ ಮಾಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅತ್ತೆ ಓದಿ ಹೇಳುತ್ತಾರೆ.

ಕಾಲೇಜು ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನಿಂದ ಬರುವಾಗ ಈಗಲೂ ನಮ್ಮ ಸೀಟಿನಲ್ಲೇ ಕೂರುತ್ತೇನೆ, ಹಿಂದಿನ ಬಾಗಿಲಿನ ಪಕ್ಕದ್ದು. ಸೊಪ್ಪು ಮಾರಿ ಬರುವಾಗ ಖಾಲಿ ಕುಕ್ಕೆ ಇಡಲು ಅಲ್ಲಿ ಜಾಗ ಸಿಗುತ್ತೆ ಅಂತ ನೀನು ಅದನ್ನೇ ಹಿಡಿಯುತ್ತಿದ್ದೆ. ಚಿಕ್ಕವನಿದ್ದಾಗ ನಾನು ನಿನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ, ನಿನ್ನ ಸೀರೆಯಲ್ಲಿ ಕೊತ್ತಂಬರಿ ವಾಸನೆ ಇರುತ್ತಿತ್ತು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೂ ನೀನು ಆ ಚೀಟಿಯನ್ನು ಬಿಸಾಕುತ್ತಿರಲಿಲ್ಲ. ಮುನೇಶ್ವರನ ಕುಂಕುಮವನ್ನು ಅದರಲ್ಲೇ ಮಡಿಸಿ ನನ್ನ ಜೇಬಿಗೆ ತುರುಕುತ್ತಿದ್ದೆ. ನಿನ್ನ ಕಾಟಕ್ಕೆ ನನ್ನ ಎಲ್ಲ ಪ್ಯಾಂಟಿನ ಜೇಬೂ ಕೆಂಪಾಗಿತ್ತು.

ಮಂಗಳವಾರ ಜಯದೇವ ದಾಟಿದ ಮೇಲೆ ಅದೇ ಸೀಟು ಸಿಕ್ಕಿತು, ಅದರ ಸಂದಿಯಲ್ಲಿ ಒಂದು ಪರ್ಸ್ ಇತ್ತು. ನಾನು ಎದ್ದು ನಿಂತು, “ಯಾರ್ದಾದ್ರೂ ಪರ್ಸ್ ಬಿದ್ದೋಗಿದ್ಯಾ?” ಎಂದು ಕೂಗಿದೆ. ಕೂಡಲೇ ಒಬ್ಬ, “ನಂದೇ ಮಗಾ, ಕೊಡು” ಎಂದು ಕೈ ಚಾಚಿದ. ಕಂಡಕ್ಟರ್ ಬೈಲಪ್ಪನವರು ಬಂದು, “ಒಳ್ಗೆ ಏನೈತೆ ಹೇಳಪ್ಪ” ಅಂದರು. ಅವನು ದುಡ್ಡು ಅಂದ. ಇನ್ನೇನು ಎಂದು ಕೇಳಿದಾಗ ಕಿಟಕಿಯ ಕಡೆ ತಿರುಗಿದ. ಆಮೇಲೆ ಬೈಲಪ್ಪನವರು ನನಗೇ ಬೈದರು: “ಹಂಗೆಲ್ಲ ಕೂಗ್ಬಾರ್ದು ಕಣೋ. ಇಡೀ ಬಸ್ಸೇ ನಂದು ಅಂತದೆ. ಸೀದಾ ತಂದು ನನ್ ಕೈಗೆ ಕೊಡ್ಬೇಕು.”

ನನ್ನ ಎದುರಿಗೇ ಪರ್ಸ್ ತೆರೆದರು. ಒಂದಷ್ಟು ನೋಟು, ಹನಮಂತ ಎಂಬುವವರ ಡ್ರೈವಿಂಗ್ ಲೈಸೆನ್ಸ್. ಅದರಲ್ಲಿ ಬಾದಾಮಿ ಕಡೆಯ ಹಳ್ಳಿಯ ವಿಳಾಸ ಇತ್ತು, ಫೋನ್ ನಂಬರ್ ಇರಲಿಲ್ಲ. ಒಳಗಿನ ಗೂಡಿನಲ್ಲಿ ಕ್ಯಾಲೆಂಡರ್ ಹಾಳೆಯ ಒಂದು ಪೊಟ್ಟಣ. ಬಿಚ್ಚಿದರೆ ಹಳದಿ ಪುಡಿ, ಅವರ ಬೆರಳಿಗೆಲ್ಲ ಮೆತ್ತಿಕೊಂಡಿತು. “ಯಾವ್ದೋ ಅರಿಶಿನ, ಕಸ” ಎಂದು ಕಿಟಕಿಯಿಂದ ಆಚೆ ಹಾಕಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ. ಆ ಹಾಳೆಯ ಅಂಚುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಅಲ್ಲಾಡಿಸಿದರೂ ಚೆಲ್ಲದ ಹಾಗೆ ಯಾರೋ ಮಡಿಸಿದ್ದರು, ಅಜ್ಜಿ, ಥೇಟ್ ನಿನ್ನ ಹಾಗೆ. “ಬೇಡ ಸಾರ್, ಇದನ್ನ ಯಾರೋ ಮನೇವ್ರು ಕೊಟ್ಟಿರೋದು. ಇದನ್ನೂ ಬರ್ಕೊಳಿ” ಅಂದೆ. ಅವರು ನಕ್ಕರು, ಆದರೂ ಎಲ್ಲದರ ಜೊತೆ ಅದನ್ನೂ ಬರೆದು, ಕೆಳಗೆ ನನ್ನ ಹೆಸರು, ಅಮ್ಮನ ನಂಬರ್ ಹಾಕಿಕೊಂಡರು. ಡ್ಯೂಟಿ ಮುಗಿಸಿ ಡಿಪೋದಲ್ಲಿ ಕಲೆಕ್ಷನ್ ಕಟ್ಟುವಾಗ ಪರ್ಸನ್ನೂ ಅಲ್ಲೇ ಒಪ್ಪಿಸುತ್ತಾರಂತೆ. ಇಳಿಯುವಾಗ ನನಗೆ ಸಂಕಟವಾಯಿತು. ಆ ಮನುಷ್ಯನಿಗೆ ಡಿಪೋ ದಾರಿ ಗೊತ್ತಾಗುತ್ತೋ ಇಲ್ಲವೋ.

ಗೊತ್ತಾಗಿತ್ತು. ಹನಮಂತಣ್ಣ ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ಡ್ರೈವರ್. ಜಯದೇವ ಸ್ಟಾಪಿನಲ್ಲಿ ಇಳಿದಾಗ ಪರ್ಸ್ ಇರಲಿಲ್ಲ, ಟಿಕೆಟ್ ಮಾತ್ರ ಶರ್ಟಿನ ಜೇಬಿನಲ್ಲಿತ್ತು. ಬಸ್ಸಿನ ನಂಬರೂ ಹೊತ್ತೂ ಅದರಲ್ಲೇ ಅಚ್ಚಾಗಿರುತ್ತದೆ. ಅದನ್ನು ಬಸ್ ಸ್ಟ್ಯಾಂಡಿನ ಕಂಟ್ರೋಲರಿಗೆ ತೋರಿಸಿದ್ದಕ್ಕೆ ಅದು ಯಾವ ಡಿಪೋ ಬಸ್ಸು ಎಂದು ಹೇಳಿದರು. ಅಲ್ಲಿಗೆ ಹೋದರೆ ಇನ್ನೊಂದು ತಾಪತ್ರಯ. ಲೈಸೆನ್ಸಿನ ಫೋಟೊದಲ್ಲಿ ಮೀಸೆ ಚಿಗುರದ ಹುಡುಗ, ಎದುರಿಗೆ ಗಡ್ಡದ ಮನುಷ್ಯ. ಡಿಪೋದವರು ಪರ್ಸ್ ತೋರಿಸದೆ, ಒಳಗೆ ಏನೇನಿದೆ ಹೇಳು ಅಂದರಂತೆ. ನೋಟು ಎಷ್ಟಿತ್ತೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಪೊಟ್ಟಣ ಮಾತ್ರ ನೆನಪಿತ್ತು. ಅದು ಮೈಲಾರಲಿಂಗನ ಭಂಡಾರ, ಅಂದರೆ ದೇವರ ಅರಿಶಿನದ ಪ್ರಸಾದವಂತೆ, ಊರು ಬಿಡುವ ದಿನ ಅವನ ಅವ್ವ ಮಡಿಸಿ ಕೊಟ್ಟಿದ್ದು. ಹೋದ ವರ್ಷ ಆಕೆ ತೀರಿಕೊಂಡಿದ್ದಾಳೆ. ಬೈಲಪ್ಪನವರು ಬರೆದದ್ದಕ್ಕೂ ಅವನು ಹೇಳಿದ್ದಕ್ಕೂ ತಾಳೆಯಾಯಿತು, ಸಹಿ ಹಾಕಿಸಿಕೊಂಡು ಕೊಟ್ಟರು.

ನಿನ್ನೆ ಅಮ್ಮನ ನಂಬರಿಗೆ ಫೋನ್ ಮಾಡಿ ಮನೆಗೇ ಬಂದಿದ್ದ. “ತಮ್ಮಾ, ರೊಕ್ಕ ಹೋಗಿದ್ರ ದುಡೀತಿದ್ದೆ. ನಮ್ಮವ್ವನ ಕೈಯಿಂದ ಇನ್ನ ಏನೂ ಬರಂಗಿಲ್ಲ” ಅಂದ. ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದ. ಅಮ್ಮ ಕಾಫಿ ತರುತ್ತೇನೆ ಎಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನನಗೂ ಅಳು ಬಂತು ಅಜ್ಜಿ, ಸುಳ್ಳು ಯಾಕೆ ಹೇಳಲಿ.

ಅತ್ತೆಗೂ ಮಾವನಿಗೂ ನಮಸ್ಕಾರ, ಪಾಪುವಿಗೆ ಮುದ್ದು. ನಿನ್ನ ಕಾಲಿಗೆ ಇಲ್ಲಿಂದಲೇ ಬೀಳುತ್ತಿದ್ದೇನೆ.

ನಿನ್ನ ಮೊಮ್ಮಗ,
ಚೈತನ್ಯ

ಮರೆತಿದ್ದೆ: ಹನಮಂತಣ್ಣ ಹೋದ ಮೇಲೆ ನನ್ನ ಜೇಬುಗಳನ್ನೆಲ್ಲ ಹುಡುಕಿದೆ. ನೀನು ಹೋಗುವಾಗ ಕೊಟ್ಟ ಪೊಟ್ಟಣ ಪ್ಯಾಂಟಿನ ಜೊತೆ ವಾಷಿಂಗ್ ಮಷಿನ್ನಿಗೆ ಹೋಗಿಬಿಟ್ಟಿದೆ. ಅಮ್ಮ ಇನ್ನೊಂದು ಮಡಿಸಿಕೊಟ್ಟಳು, ಅದು ಬಿಚ್ಚಿಕೊಳ್ಳುತ್ತದೆ. ಅಂಚೆಯಲ್ಲಿ ಕಳಿಸಬೇಡ. ನೀನೇ ಬಂದು ಮಡಿಸಿಕೊಡು, ಬೇಗ.