ಬಾಗಿಲ ಮೇಲಿನ ರಾದ್ಕಾ

ಟ್ರೋಯನ್
ಸೆಪ್ಟೆಂಬರ್ ೨೬, ೨೦೧೧

ಪ್ರೀತಿಯ ಲಿಲ್ಯಾನ ಅಕ್ಕನಿಗೆ,

ನೇದಾ ಮಾಡುವ ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ, ಬಯ್ಯಬೇಡ. ದೊಣ್ಣೆಮೆಣಸು ಸುಡುವ ಕಾಲ ಅಂದರೆ ನಿನಗೇ ಗೊತ್ತು. ಸುಟ್ಟು, ಸಿಪ್ಪೆ ಸುಲಿದು, ಸೀಸೆಗೆ ತುಂಬುವಷ್ಟರಲ್ಲಿ ಪೆನ್ನು ಹಿಡಿಯುವ ಬೆರಳೇ ಉಳಿದಿರುವುದಿಲ್ಲ. ವಾರ್ನಾದ ಸಮುದ್ರದ ಗಾಳಿಗೆ ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳಿಗೆ ಹಲ್ಲು ಬಂತೇ?

ಮೆಣಸಿನಕಾಯಿ ಬರೀ ನೆಪ ಅಕ್ಕ. ಹೊಟ್ಟೆಯಲ್ಲಿ ಬೇರೇನೋ ಉರಿಯುತ್ತಿತ್ತು, ಅದಕ್ಕೇ ಬರೆಯಲಿಲ್ಲ. ರಾದ್ಕಾ ಸತ್ತು ಈ ತಿಂಗಳಿಗೆ ಹತ್ತು ವರ್ಷ ತುಂಬಿತು. ನನ್ನ ಗಂಡ ಡೋಬ್ರಿಯ ಮೊದಲ ಹೆಂಡತಿ. ಪ್ರತಿವರ್ಷದಂತೆ ಈ ವರ್ಷವೂ ಅವಳ ಫೋಟೋ ಹಾಕಿದ ಕಪ್ಪಂಚಿನ ಶ್ರದ್ಧಾಂಜಲಿ ಹಾಳೆ ಬಸ್ ನಿಲ್ದಾಣದ ಕಂಬಕ್ಕೂ ನಮ್ಮ ಮನೆ ಬಾಗಿಲಿಗೂ ಅಂಟಬೇಕು. ನಾನು ದಿನಾ ಹೋಗಿ ಬರುವ ಬಾಗಿಲು. ಎರಡು ಕೈಯಲ್ಲೂ ಚೀಲ ಹಿಡಿದು ಬಂದಾಗ ಆ ಬಾಗಿಲನ್ನು ಭುಜದಿಂದ ತಳ್ಳುತ್ತೇನೆ, ಭುಜ ಸರಿಯಾಗಿ ಅವಳ ಕೆನ್ನೆಗೇ ತಾಗುತ್ತದೆ.

ಆ ಹಾಳೆ ಬರೆಯುವವಳು, ಅಚ್ಚು ಮಾಡುವವಳು ಯಾರು? ನಾನೇ. ಊರಿನ ಸಾವೆಲ್ಲ ನನ್ನ ಅಚ್ಚಿನ ಅಂಗಡಿಯ ಮೂಲಕವೇ ಹಾದುಹೋಗಬೇಕು. ಡೋಬ್ರಿ ನನಗೆ ಸಿಕ್ಕಿದ್ದೂ ಹಾಗೆಯೇ ಅಲ್ಲವೇ. ರಾದ್ಕಾಳ ನಲವತ್ತನೇ ದಿನದ ಹಾಳೆ ಮಾಡಿಸಲು ಬಂದಿದ್ದ. 'ಪತ್ನಿಯ ಮರಣದಿಂದ ಅತೀವ ದುಃಖ' ಅಂತ ಬರೆದು ತಂದಿದ್ದ. ನಾನು ಹೇಳಿದೆ, "ನೋಡಿ, ದುಃಖ ಎಲ್ಲರ ಬಾಗಿಲಲ್ಲೂ ಇರುತ್ತೆ, ಮುನಿಸಿಪಾಲಿಟಿಯವರೂ ದುಃಖ ಅಂತಾನೇ ಬರೀತಾರೆ. ಸಂಕಟ ಅನ್ನೋದು ಹೊಟ್ಟೆಯೊಳಗಿನ ಮಾತು. 'ಅತೀವ' ಬೇಡ. ಸಂಕಟಕ್ಕೆ ಊರುಗೋಲು ಬೇಕಾಗಿಲ್ಲ. ಪತ್ನಿ ಅಂದ್ರೆ ಕಚೇರಿ ಕಾಗದ. ಹೆಂಡತಿ ಅಂದ್ರೆ ದಿನದ ಮಾತು. ಮಡದಿ ಅಂದ್ರೆ ತೋಳು ಚಾಚಿದ್ರೆ ಸಿಗೋ ಹಾಗೆ ಮಲಗೋಳು. ನಿಮಗೆ ಯಾವುದು ಬೇಕು?" ಅವನು "ಮಡದಿ" ಅಂದ, ಕೌಂಟರಿಗೆ ಹಣೆ ಆನಿಸಿ ಅತ್ತ. ಇಷ್ಟು ಅಳಬಲ್ಲ ಗಂಡಸು ಕೆಟ್ಟವನಾಗಿರಲಾರ ಅಂದುಕೊಂಡೆ. ಕೆಟ್ಟವನಲ್ಲ ನಿಜ. ಆ ಅಳು ಮಾತ್ರ ನನ್ನ ಪಾಲಿನದಲ್ಲ.

ಈ ಸಲ ಅವನು ಬರೆದು ತಂದದ್ದು ಕೇಳು: 'ನನ್ನ ಒಲವಿನ ಮಡದಿ ರಾದ್ಕಾ ಅಗಲಿ ಹತ್ತು ವರ್ಷ. ಹಂಬಲಿಸಿ ಎದೆ ಬರಿದಾಗಿದೆ. ಅಡುಗೆಮನೆಯ ಕಿಟಕಿ ಈಗಲೂ ನಿನ್ನ ದಾರಿ ಕಾಯುತ್ತದೆ.' ಯಾವ ಅಡುಗೆಮನೆ ಅಕ್ಕ? ನಾನು ಬೆಳಿಗ್ಗೆಯಿಂದ ಹೊಗೆ ಕುಡಿಯುವ ಅಡುಗೆಮನೆ! ಆ ಕಿಟಕಿಯ ಗಾಜು ಒರೆಸುವವಳು ನಾನು, ದಾರಿ ಕಾಯುವುದು ಅವಳದ್ದು!

ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಕಸುಬಿನವಳ ದನಿಯಲ್ಲೇ ಹೇಳಿದೆ, "ಬಿಸಿ ಜಾಸ್ತಿಯಾಯ್ತು ಡೋಬ್ರಿ. ಒಲವು, ಮಡದಿ, ಹಂಬಲ, ಮೂರನ್ನೂ ಒಟ್ಟಿಗೆ ಇಟ್ರೆ ಒಂದು ಇನ್ನೊಂದನ್ನ ತಿಂದುಹಾಕುತ್ತೆ. ಓದೋರಿಗೆ ಜೇನಿನಲ್ಲಿ ಸಕ್ಕರೆ ಕಲಸಿದ ಹಾಗಾಗುತ್ತೆ." ಸುಳ್ಳಲ್ಲ, ನಿಜವಾದ ಮಾತೇ. ಆದರೆ ಆ ನಿಜವನ್ನು ನಾನು ಹಿಡಿದದ್ದು ಚಾಕುವಿನ ಹಾಗೆ.

ಒಂದೊಂದಾಗಿ ಆರಿಸುತ್ತಾ ಹೋದೆ. 'ಒಲವಿನ' ತೆಗೆದೆ. 'ಮಡದಿ'ಯನ್ನು 'ಪತ್ನಿ' ಮಾಡಿದೆ. ಹಂಬಲವನ್ನು ಮೊದಲು 'ನೆನಪು' ಮಾಡಿದೆ, ಅದಿನ್ನೂ ಬೆಚ್ಚಗಿತ್ತು, ನೆನಪು ಕರೆಯದೆ ಬಂದು ಮಂಚದ ಮೇಲೆ ಕೂರುತ್ತದೆ. 'ಸ್ಮರಣೆ' ಮಾಡಿದೆ. ಸ್ಮರಣೆಯಾದರೆ ಬೂಟು ಹಾಕಿಕೊಂಡು, ಹೂಗುಚ್ಛ ಹಿಡಿದು ಬರಬೇಕು. ಪಕ್ಕದಲ್ಲಿ ಕಾವಲಿಗೆ 'ಗೌರವ'ವನ್ನು ನಿಲ್ಲಿಸಿದೆ. ಕಿಟಕಿಯನ್ನು ಪೂರ್ತಿ ಮುಚ್ಚಿದೆ. 'ಅಗಲಿ' ಹೋಗಿ 'ನಿಧನಳಾಗಿ' ಬಂತು. ಕೊನೆಗೆ ಉಳಿದದ್ದು: 'ನನ್ನ ಪತ್ನಿ ರಾದ್ಕಾ ನಿಧನಳಾಗಿ ಹತ್ತು ವರ್ಷ. ಗೌರವದಿಂದ ಸ್ಮರಿಸುತ್ತೇನೆ.' ಡಾಕ್ಟರರ ಚೀಟಿಯಂತಿತ್ತು. ನನಗೆ ತಣ್ಣಗಾಯಿತು.

ಡೋಬ್ರಿ ಓದಿದ. ಜಗಳವಾಡುತ್ತಾನೆ ಅಂದುಕೊಂಡಿದ್ದೆ, ಆಡಲಿಲ್ಲ. "ನಿನಗೆ ಗೊತ್ತಿರುತ್ತೆ ಬಿಡು," ಅಂದ. ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದ. "ನಿಧನ ಅನ್ನೋದು ಯಾಕೋ ಅವಳಿಗೆ ಹೊಂದಲ್ಲ ನೇದಾ. ಅವಳು ಅಷ್ಟು ದೊಡ್ಡ ಮಾತಿನೋಳಲ್ಲ. 'ಹೋಗಿ' ಅಂತ ಹಾಕು, ಸಾಕು."

ಹೋಗಿ. ಅಂಗಡಿಗೆ ಹೋಗು, ಬಾವಿಗೆ ಹೋಗು ಅನ್ನುವ ಹೋಗು. ನಾಲಗೆಯ ಮೇಲೆ ಇಟ್ಟುಕೊಂಡು ನೋಡಿದೆ. ಸಿಹಿಯಿಲ್ಲ, ಭಾರವಿಲ್ಲ. ಇದರಿಂದ ಏನಾದೀತು ಅಂದುಕೊಂಡು ಹಾಕಿದೆ: 'ನನ್ನ ಪತ್ನಿ ರಾದ್ಕಾ ಹೋಗಿ ಹತ್ತು ವರ್ಷ.' ಇಷ್ಟು ವರ್ಷದ ಕಸುಬಿನಲ್ಲಿ ಅಂಥ ತಪ್ಪು ಮಾಡಿರಲಿಲ್ಲ ಅಕ್ಕ.

ಮರುದಿನ ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ಸ್ಮಶಾನಕ್ಕೆ ಒಯ್ದು ಅವಳ ಹೆಸರಲ್ಲಿ ಹಂಚಿದೆವು. ವಾಪಸು ಬರುವಾಗ ನಮ್ಮ ಬಾಗಿಲ ಮುಂದೆ ಪಕ್ಕದ ಮನೆಯ ತ್ಸಾಂಕಾ ಚಿಕ್ಕಮ್ಮ ನಿಂತಿದ್ದಳು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. ಸತ್ತವರ ಬಗ್ಗೆಯೂ ಕೊಂಕು ಆಡದೆ ಬಿಡದವಳು ಅವಳು!

"ಏನು ಬರ್ದಿದಾನೇ ನಿನ್ನ ಗಂಡ!" ಅಂದಳು. "ಹೋಗಿ ಅಂತೆ. ಮೊಸರು ತರೋಕೆ ಹೋದವಳ ಥರ. ಹೋದೋರು ವಾಪಸು ಬರ್ತಾರಲ್ಲವೇನೇ? ಪಾಪ, ಇನ್ನೂ ಕಾಯ್ತಾ ಇದಾನೆ."

"ಪತ್ನಿ ಅಂತಾನೂ ಬರ್ದಿದಾನಲ್ಲ ಚಿಕ್ಕಮ್ಮಾ," ಅಂದೆ. ದನಿ ನನಗೇ ಕರ್ಕಶವಾಗಿ ಕೇಳಿಸಿತು.

"ಅಯ್ಯೋ, ಅದು ಅಳು ತಡ್ಕೊಂಡಿರೋದು ಕಣೇ. ಕೋಟಿನ ಗುಂಡಿಯೆಲ್ಲ ಹಾಕ್ಕೊಂಡು ನಿಂತಿದಾನೆ, ಒಂದು ಮಾತ್ರ ಬಿಚ್ಚಿಹೋಗಿದೆ."

ಆಗ ಅರ್ಥವಾಯಿತು. ಬಿಸಿ ಮಾತುಗಳ ನಡುವೆ ಆ 'ಹೋಗಿ' ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸುತ್ತಲೂ ಮಂಜುಗಡ್ಡೆ ಜೋಡಿಸಿ, ನಡುವೆ ಅದೊಂದನ್ನೇ ಬಿಟ್ಟವಳು ನಾನು. ಅವನು ಬರೆದು ತಂದದ್ದನ್ನು ಹಾಗೆಯೇ ಅಂಟಿಸಿದ್ದರೆ ಊರು ಓದಿ, ಮುಗುಳ್ನಕ್ಕು, ಮುಂದೆ ಹೋಗುತ್ತಿತ್ತು. ಈಗ ಬ್ರೆಡ್ಡು ತರಲು ಹೋದರೆ ಅಲ್ಲೂ ಅದೇ ಮಾತು, ಎಂಥ ಗಂಡ, ಎಂಥ ಪ್ರೀತಿ. ನನ್ನನ್ನು ಕಂಡ ಕೂಡಲೇ ಬಾಯಿ ಮುಚ್ಚುತ್ತಾರೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಪಡುತ್ತೇನೆ ಅಕ್ಕ, ಹೊಟ್ಟೆತುಂಬ ಪಡುತ್ತೇನೆ. ಬದುಕಿದ್ದವಳಾದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವಳು ಬಾಗಿಲ ಮೇಲೆ ನಗುತ್ತಾ ಕೂತಿದ್ದಾಳೆ, ಮಳೆ ಬಂದು ಹಾಳೆ ನೆನೆದು ಕಳಚುವವರೆಗೂ ಕೂತಿರುತ್ತಾಳೆ.

ಸಾಕು, ನಿನ್ನ ತಲೆ ತಿಂದೆ. ಸುಟ್ಟ ಮೆಣಸಿನ ನಾಲ್ಕು ಸೀಸೆ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ, ಮುಚ್ಚಳ ನೋಡಿ ತೆಗೆ. ಭಾವನವರಿಗೆ ನಮಸ್ಕಾರ ಹೇಳು. ಮೊಮ್ಮಗಳಿಗೆ ದೃಷ್ಟಿಯಾಗದಿರಲಿ, ನಿಮ್ಮ ಮನೆ ತುಂಬಿರಲಿ, ದೇವರ ತಾಯಿ ಎಲ್ಲರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ತಂಗಿ,
ನೇದಾ

ಮರೆತಿದ್ದೆ: ನಿನ್ನೆ ಇಬ್ಬರೂ ಮೆಣಸಿನ ಸಿಪ್ಪೆ ಸುಲಿಯುತ್ತಾ ಕೂತಿದ್ದಾಗ ಬಾಯಿ ತಡೆಯದೆ ಕೇಳಿಬಿಟ್ಟೆ, "ನಾನು ಸತ್ರೆ ನನ್ನ ಹಾಳೆಗೆ ಏನು ಬರೀತೀಯೋ?" ಕೈಯ ಕೆಲಸ ಬಿಡದೆ, ಬಹಳ ಅಕ್ಕರೆಯಿಂದಲೇ ಹೇಳಿದ, "ನೀನೇ ಬರೆದಿಟ್ಟುಬಿಡು ಕಣೇ. ನಿನ್ನಷ್ಟು ಚೆನ್ನಾಗಿ ನನಗೆಲ್ಲಿ ಬರುತ್ತೆ?" ಇವತ್ತು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ಬರೆದು ನೋಡಿದೆ ಅಕ್ಕ. ಮಡದಿ, ಸಂಕಟ, ಬೆಚ್ಚಗಿನ ಮಾತುಗಳನ್ನೆಲ್ಲ ನಾನೇ ನನ್ನ ಕೈಯಾರೆ ಅವಳಿಗೆ ಕೊಟ್ಟುಬಿಟ್ಟಿದ್ದೇನೆ. ಅವನು ತಾನಾಗಿ ಹುಡುಕಿದ್ದು ಆ 'ಹೋಗಿ' ಒಂದೇ ಮಾತು, ಅದೂ ಅವಳದ್ದೇ.