ಸ ಇಳಿದ ಹಾರ್ಮೋನಿಯಂ

ಹನುಮಂತನಗರ, ಬೆಂಗಳೂರು
೬ ಅಕ್ಟೋಬರ್ ೨೦೦೩

ಪ್ರೀತಿಯ ವಿಮಲತ್ತೆ,

ಗೌರಿಹಬ್ಬದ ಹೊತ್ತಿಗೆ ನೀವು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡಿ. ಕಾಲೇಜು, ಬಿಟಿಎಂನ ಗಾರ್ಮೆಂಟ್ ಹೆಂಗಸರ ಸಂಜೆ ಸಭೆ, ಅಮ್ಮನ ಬೊಂಬೆಗಳಿಗೆ ಮೆಟ್ಟಿಲು ಜೋಡಿಸುವುದು ಎಲ್ಲ ಒಂದೇ ಸಲ ಬಂದವು. ದೇವರನ್ನು ನಂಬದವಳು ಬೊಂಬೆ ಯಾಕೆ ಕೂರಿಸುತ್ತೀ ಎಂದು ನೀವು ನಗುತ್ತೀರಿ, ಗೊತ್ತು. ಅಮ್ಮನ ಮೊಣಕಾಲು ನೋಯುತ್ತದೆ. ಸಿದ್ಧಾಂತ ನೋಡಿಕೊಂಡು ಸ್ಟೂಲು ಹತ್ತಲು ಆಗುವುದಿಲ್ಲ.

ತುಮಕೂರಿನಲ್ಲಿ ಮಳೆ ಬಂತೇ? ನಿಮ್ಮ ಅಂಚೆ ಕಚೇರಿಯ ಸೋರುವ ಮೂಲೆಯನ್ನು ಯಾರಾದರೂ ಸರಿಮಾಡಿದರೇ? ಇಲ್ಲಿ ಎಲ್ಲರೂ ಕ್ಷೇಮ. ನಾನು ಬರೆಯಹೊರಟಿರುವುದು ನಮ್ಮ ಹಾರ್ಮೋನಿಯಂ ವಿಷಯ. ನಿಧಾನವಾಗಿ ಓದಿ. ನಡುವೆ ಎಲ್ಲೂ ಪತ್ರ ಮಡಿಸಿಡಬೇಡಿ.

ಈ ಸಲ ಬೊಂಬೆ ನೋಡಲು ಬರುವವರು ಬಾಯಲ್ಲಿ ಹಾಡಿಕೊಂಡು ಹೋದರೆ ಸಾಲದು, ತಾತನ ಪೆಟ್ಟಿಗೆ ಇಳಿಸಿ ಎಂದು ಅಮ್ಮ ಹಟ ಹಿಡಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, ಅದು ಸತ್ತುಹೋಗಿದೆ ಬಿಡು ಎಂದರು. ಅಟ್ಟದಿಂದ ಇಳಿಸಿದವಳು ನಾನೇ. ತಿದಿ ಒತ್ತಿದರೆ ಗಾಳಿ ಎಲ್ಲೆಲ್ಲೋ ಬುಸ್ಸೆಂದು ಹೋಗುತ್ತಿತ್ತು. ಬೀಗ ಹಾಕಿಟ್ಟ ವಸ್ತು ಯಾರ ಆಸ್ತಿಯೂ ಅಲ್ಲ, ಬಳಸುವವರದೇ ಎಂದು ನಾನೊಂದು ಭಾಷಣ ಬಿಗಿದೆ. ರಿಪೇರಿ ಆದಮೇಲೆ ಅದನ್ನು ಸಂಜೆ ಸಭೆಗೆ ಒಯ್ಯುವ ಆಸೆಯೂ ನನಗಿತ್ತು. ಅಮ್ಮ, "ಮೊದಲು ಎತ್ತಿಕೊಂಡು ಹೋಗು, ಆಮೇಲೆ ಯಾರದ್ದು ಅಂತ ತೀರ್ಮಾನ ಮಾಡೋಣ" ಎಂದಳು.

ಬನಶಂಕರಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಜರಗನಹಳ್ಳಿಯ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಹೋದೆ. ಕಂಡಕ್ಟರ್ ಪೆಟ್ಟಿಗೆಯನ್ನು ನೋಡಿ, "ಲಗೇಜ್ ಟಿಕೆಟ್ ತಗೋತೀಯೋ, ಇಲ್ಲ ಒಂದು ಹಾಡು ಬಾರಿಸ್ತೀಯೋ?" ಎಂದ. ಕೆಟ್ಟಿದೆ ಅಣ್ಣ ಎಂದೆ. "ಹಂಗಾದ್ರೆ ಟಿಕೆಟ್ಟೇ" ಎಂದು ಹರಿದುಕೊಟ್ಟ.

ಅಂಗಡಿಯವನ ಹೆಸರು ನಿಂಗರಾಜ, ಗದಗಿನ ಕಡೆಯವನು. ಹಬ್ಬದ ಮುಂದೆ ಭಜನಾ ಮಂಡಳಿಗಳ ಪೆಟ್ಟಿಗೆಗಳು ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದವು. ಬಿಟ್ಟುಹೋಗು ಎಂದ. ನಾನು ಹೋಗಲಿಲ್ಲ. ಒಳಗೆ ಏನಿದೆ ನೋಡಬೇಕು ಎಂದೆ. "ಹಾಡೋರು ಒಳಗ ನೋಡಂಗಿಲ್ಲವ್ವ, ನೋಡೋರು ಹಾಡಂಗಿಲ್ಲ" ಎಂದು ಗೊಣಗುತ್ತಲೇ ಸ್ಟೂಲು ಸರಿಸಿಕೊಟ್ಟ.

ಅತ್ತೆ, ಅಷ್ಟು ವರ್ಷ ಅದರ ಪಕ್ಕದಲ್ಲೇ ಬೆಳೆದೆವು, ಅದು ಹೇಗೆ ಹಾಡುತ್ತದೆ ಎಂದು ನಾವು ಯಾರೂ ಕೇಳಲೇ ಇಲ್ಲವಲ್ಲ! ಹಿಂದಿನ ತಿದಿ ಒತ್ತಿದರೆ ಗಾಳಿ ನೇರವಾಗಿ ಸ್ವರಕ್ಕೆ ಹೋಗುವುದಿಲ್ಲ. ಒಳಗೆ ಇನ್ನೊಂದು ತಿದಿ ಇದೆ, ಸ್ಪ್ರಿಂಗಿನ ಮೇಲೆ ಕೂತದ್ದು. ಅದು ಗಾಳಿಯನ್ನು ತುಂಬಿಟ್ಟುಕೊಂಡು ಒಂದೇ ಸಮನಾಗಿ ಬಿಡುತ್ತದೆ. ಅದಕ್ಕೇ ಕೈ ತಡೆದರೂ ಹಾಡು ತಡೆಯುವುದಿಲ್ಲ. ನಾವು ಬೆರಳಿಡುವ ಪಟ್ಟಿಗೆ ಮನೆ ಎನ್ನುತ್ತಾರೆ; ಪ್ರತಿ ಮನೆಯ ಕೆಳಗೂ ಒಂದು ತೂತು, ತೂತಿನ ಮೇಲೆ ಚರ್ಮದ ಮೆತ್ತೆ. ಮನೆಯನ್ನು ಒತ್ತಿದರೆ ಮೆತ್ತೆ ಮೇಲೇಳುತ್ತದೆ, ತೂತು ತೆರೆಯುತ್ತದೆ. ಆ ತೂತಿನ ಅಡಿಯಲ್ಲಿ ಹಿತ್ತಾಳೆಯ ತಗಡು, ತಗಡಿನ ಸೀಳಿನಲ್ಲಿ ಒಂದು ತೆಳ್ಳನೆಯ ನಾಲಿಗೆ. ನಾಲಿಗೆಯ ಬುಡಕ್ಕೆ ಮೊಳೆ ಬಡಿದಿರುತ್ತಾರೆ, ತುದಿ ಬಿಡುವಾಗಿರುತ್ತದೆ. ಗಾಳಿ ನುಗ್ಗುವಾಗ ಅದು ನಡುಗುತ್ತದೆ. ನಾವು ಕೇಳುವುದು ಆ ನಡುಕವನ್ನು.

ತಿದಿಯ ಮಡಿಕೆಗಳನ್ನು ಬೆಳ್ಳಿಹುಳ ತಿಂದಿತ್ತು. ನಿಂಗರಾಜ ಹಳೆಯ ಬಟ್ಟೆ ಕಿತ್ತು, ಮೂಲೆಗಳಿಗೆ ತೆಳು ಮೇಕೆ ಚರ್ಮ ಅಂಟಿಸಿದ. ಗಟ್ಟಿಯಾಗಿದ್ದ ಮೆತ್ತೆಗಳನ್ನು ಬದಲಿಸಿದ. ಸವೆದ ಮನೆಗಳ ಮೇಲೆ ಬೆರಳಾಡಿಸಿ, ಎಡಗಡೆಯ ತಗ್ಗು ಸ್ವರದವು ಹೊಸದರಂತಿವೆ, ಈ ಪೆಟ್ಟಿಗೆಯಲ್ಲಿ ಗಂಡಸರು ಹಾಡಿದ್ದು ಕಡಿಮೆ ಎಂದ. ನನಗೆ ರೋಮಾಂಚನವಾಯಿತು. ತಾತನ ಪೆಟ್ಟಿಗೆ ಎಂದು ಎಲ್ಲರೂ ಕರೆಯುವ ವಸ್ತುವಿನ ಮೈಮೇಲೆ ಇದ್ದದ್ದು ಅಜ್ಜಿಯ ಆರತಿ ಹಾಡು, ನಿಮ್ಮ ಪಾಠ, ನನ್ನನ್ನು ಮಲಗಿಸಿದ ಜೋಗುಳ. ಸವೆದ ಮನೆಗಳನ್ನು ಸುಮ್ಮನೆ ಒಂದೊಂದಾಗಿ ಮುಟ್ಟಿದರೇ ಅರ್ಧ ರಾಗ ನೆನಪಾಗುತ್ತಿತ್ತು.

ಆಮೇಲೆ ಅವನು ಶ್ರುತಿಪೆಟ್ಟಿಗೆ ಹಾಕಿ ಒಂದೊಂದೇ ಸ್ವರ ನೋಡಿದ. ಪ ಸರಿ, ಮ ಸರಿ, ಮೇಲಿನ ಸ ಸರಿ. ಮಧ್ಯದ ಸ ಮಾತ್ರ ಇಳಿದಿತ್ತು. ನಾವು ಎಲ್ಲ ಹಾಡಿಗೂ ಹಿಡಿಯುತ್ತಿದ್ದ ಅದೇ ಸ. ಅವನು ಆಗಲೇ ಕೆರೆಯುವ ಅರ ಕೈಗೆತ್ತಿಕೊಂಡಿದ್ದ. "ತುದಿ ಕೆರೆದ್ರ ಸ್ವರ ಏರತೈತಿ, ಬುಡ ಕೆರೆದ್ರ ಇಳೀತೈತಿ. ಇದರ ತುದಿ ಒಂಚೂರು ಕೆರೆದ್ರ ಮುಗೀತು."

"ಇದೊಂದೇ ಯಾಕೆ ಇಳೀತು?"

"ಮುಪ್ಪಾಗೈತಿ."

"ಪಕ್ಕದ್ದಕ್ಕೂ ಅಷ್ಟೇ ವಯಸ್ಸಲ್ವಾ?"

ಅವನು ನನ್ನನ್ನು ಒಂದು ಗಳಿಗೆ ನೋಡಿ, "ವಕೀಲಿಕಿ ಓದಾಕತ್ತೀಯೇನವ್ವ?" ಎಂದ. ಆದರೆ ಅರ ಕೆಳಗಿಟ್ಟ. ನಾಲಿಗೆಗಳಿದ್ದ ಹಲಗೆಯನ್ನು ಮಗುಚಿ ಬೆಳಕಿಗೆ ಹಿಡಿದ. ಇಬ್ಬರೂ ಬಗ್ಗಿದೆವು. ಉಳಿದ ನಾಲಿಗೆಗಳೆಲ್ಲ ಕಂದು ಹಿತ್ತಾಳೆ. ಸ ಒಂದರ ತುದಿಯಲ್ಲಿ ಮಾತ್ರ ಹಕ್ಕಳೆಯಂತೆ ಏನೋ ಕಟ್ಟಿಕೊಂಡಿತ್ತು. ಮೇಲೆ ಕೆಂಪು, ಅಂಚಿನಲ್ಲಿ ಹಸಿರು ಕಿಲುಬು. ಉಗುರಿನಿಂದ ಮುಟ್ಟಿ ಮೂಸಿದೆ. ಗಂಧ, ಕುಂಕುಮ.

ತುದಿಯ ಮೇಲೆ ಭಾರ ಬಿದ್ದರೆ ನಾಲಿಗೆ ನಿಧಾನವಾಗಿ ನಡುಗುತ್ತದೆ, ಸ್ವರ ಇಳಿಯುತ್ತದೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದು ನಿಂಗರಾಜನಿಗೆ ತಿಳಿಯಲಿಲ್ಲ. ತಿದಿ ಒತ್ತುವಾಗ ಗಾಳಿ ಒಳಗಿನಿಂದ ಹೊರಗೆ ಬರುತ್ತದೆ, ಏನೂ ಒಳಗೆ ಬೀಳಬಾರದು ಎಂದ. ನನಗೆ ಮಾತ್ರ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸು ಬರುವಾಗ ತಟ್ಟನೆ ಹೊಳೆಯಿತು. ನಿಮಗೆ ಈಗಲೇ ಹೊಳೆದಿರಬೇಕು.

ಸರಸ್ವತಿ ಪೂಜೆಗೆ ಪೆಟ್ಟಿಗೆಯನ್ನು ಇಟ್ಟು, ಮುಚ್ಚಳ ತೆಗೆದು, ಅಜ್ಜಿ ಸ ಮನೆಗೆ ಗಂಧ ಕುಂಕುಮ ಹಚ್ಚುತ್ತಿದ್ದರು. ವಿಜಯದಶಮಿಯ ತನಕ ಯಾರೂ ನುಡಿಸುವಂತಿಲ್ಲ. ಆ ದಿನ ಬೆಳಿಗ್ಗೆ ನಾವೆಲ್ಲ ಸಾಲಾಗಿ ನಿಂತು, ತಿದಿ ಒತ್ತದೆ, ಸದ್ದಿಲ್ಲದೆ, ಆ ಒಂದೇ ಮನೆಯನ್ನು ಅದುಮಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಮೆತ್ತೆ ಎದ್ದಿರುತ್ತದೆ, ತೂತು ತೆರೆದಿರುತ್ತದೆ, ತಡೆಯಲು ಗಾಳಿ ಇರುವುದಿಲ್ಲ. ವರ್ಷ ವರ್ಷವೂ ಒಂದೊಂದು ಚೂರು ಕುಂಕುಮ ನಾಲಿಗೆಯ ಮೇಲೆ ಬಿದ್ದಿತ್ತು.

ಈಗ ನಾನು ಆ ದಿನಕ್ಕೆ ಬರಲೇಬೇಕು. ನಾನಾಗ ಎರಡನೆಯ ಕ್ಲಾಸು. ವಿಜಯದಶಮಿಯ ಮಾರನೆಯ ದಿನ ನಿಮ್ಮನ್ನು ನೋಡಲು ಬಂದಿದ್ದರು. ಕೇಸರಿಬಾತಿನ ತಟ್ಟೆಗಳ ಹಿಂದೆ ನಾನು ಕೂತಿದ್ದೆ. ಅಪ್ಪ ಸ ಹಿಡಿದು ಹಾಡಿನ ಜೊತೆಗೇ ನುಡಿಸಿದರು, ನೀವು ಹಾಡಿದಿರಿ. ಗಂಡಿನ ತಾಯಿ ಬಾಯಿ ಒರೆಸಿಕೊಂಡು, "ಹುಡುಗಿಗೆ ಶ್ರುತಿ ಸ್ವಲ್ಪ ಕಮ್ಮಿ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದು ತಮಾಷೆಯಾಯಿತು: ವಿಮಲಾ ಮೇಲೇರಿದರೆ ಇಳೀತಾಳೆ. ನೀವು ಅಡುಗೆಮನೆಯಲ್ಲೂ ಹಾಡುವುದನ್ನು ಬಿಟ್ಟಿರಿ. ಆಮೇಲೆ ತುಮಕೂರಿಗೆ ವರ್ಗ ಕೇಳಿ ಹೋದಿರಿ. ಆ ಮದುವೆ ತಪ್ಪಿದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಹೆಣ್ಣನ್ನು ಕೂರಿಸಿ ಹಾಡಿಸಿ ಬೆಲೆ ಕಟ್ಟುವವರ ಮನೆಗೆ ನೀವು ಹೋಗದಿದ್ದದ್ದೇ ಒಳ್ಳೆಯದಾಯಿತು. ಆದರೆ ಹಾಡು?

ಕೇಳಿ ಅತ್ತೆ. ನೀವು ಆ ಇಳಿದ ಸ ಹಿಡಿದಿರಿ. ಅದರಿಂದ ಎಷ್ಟು ಎತ್ತರಕ್ಕೆ ಪ ಇರಬೇಕೋ ಅಲ್ಲಿಗೇ ಹೋದಿರಿ. ಪೆಟ್ಟಿಗೆಯ ಪ ಅದಕ್ಕಿಂತ ಮೇಲಿತ್ತು, ಯಾಕೆಂದರೆ ಅದರ ಮೇಲೆ ಯಾರೂ ಕುಂಕುಮ ಹಾಕಿರಲಿಲ್ಲ. ನಾವೆಲ್ಲ ಪೆಟ್ಟಿಗೆ ಕರೆದ ಕಡೆ ದನಿ ಎಳೆದುಕೊಂಡು ಹೋಗುತ್ತಿದ್ದೆವು, ಆದ್ದರಿಂದ ಸರಿಯಾಗಿ ಕಾಣುತ್ತಿದ್ದೆವು. ನೀವೊಬ್ಬರೇ ಹಿಡಿದ ಸ ಬಿಡಲಿಲ್ಲ. ನೀವು ಇಳಿಯಲಿಲ್ಲ ಅತ್ತೆ. ಒಂದು ಸಲವೂ ಇಳಿಯಲಿಲ್ಲ.

ನನ್ನ ಮಾತನ್ನೇ ನಂಬಬೇಡಿ. ನಾನೂ ನಂಬಲಿಲ್ಲ. ಮಾರನೆಯ ದಿನ ಮತ್ತೆ ಜರಗನಹಳ್ಳಿಗೆ ಹೋಗಿ, ಹಕ್ಕಳೆ ತೆಗೆಯುವ ಮೊದಲು ನನ್ನೆದುರಿಗೇ ಒಮ್ಮೆ ಸ-ಪ ನುಡಿಸಿ ಎಂದೆ. ಎರಡನ್ನೂ ಒಟ್ಟಿಗೆ ಹಿಡಿದಾಗ ದನಿ ಅಲೆಅಲೆಯಾಗಿ ಒದ್ದಾಡಿತು. ಅವನು ನಾಲಿಗೆಯ ಕೆಳಗೆ ತೆಳು ತಗಡು ತೂರಿಸಿ, ಬ್ರಷ್ಷಿನಿಂದ ಉಜ್ಜಿ, ಕಿಲುಬನ್ನು ಮೆಲ್ಲಗೆ ಒರೆಸಿದ. ಅರ ಮುಟ್ಟಿಸಲೇ ಇಲ್ಲ. ಮತ್ತೆ ಹಿಡಿದ. ಅಲೆ ನಿಂತುಹೋಯಿತು. ಎರಡು ಸ್ವರ ಒಂದರೊಳಗೊಂದು ಕೂತವು. "ಕೆರೆದಿದ್ರ ತಪ್ಪಾಗ್ತಿತ್ತು ನೋಡು" ಎಂದು, ಅದು ತನ್ನದೇ ಯೋಚನೆ ಎಂಬಂತೆ ಮೀಸೆ ತಿರುವಿದ.

ಮನೆಗೆ ಬಂದವಳು ಸುಮ್ಮನಿರಲಿಲ್ಲ. ‘ಭಕ್ತಿ ಸ್ವರ ಕೆಡಿಸಿದ ಬಗೆ’ ಎಂದು ಒಂದು ಕರಪತ್ರವನ್ನೇ ಬರೆಯುತ್ತೇನೆ ಎಂದು ಕೂಗಾಡಿದೆ. ಅಮ್ಮ ಬೊಂಬೆಯ ಧೂಳು ಒರೆಸುತ್ತಾ, "ಕುಂಕುಮಕ್ಕೇನು ಗೊತ್ತು ಪಾಪ? ಸ ಇಳಿದಿತ್ತು ಅಂತ ಯಾರೂ ನೋಡಲಿಲ್ಲ, ಹುಡುಗಿ ಇಳಿದಳು ಅಂತ ಎಲ್ಲರೂ ನೋಡಿದ್ವಿ. ಅದನ್ನ ಬರಿ" ಎಂದಳು. ನಾನು ಓದಿರುವ ಯಾವ ಕಿರುಹೊತ್ತಿಗೆಯಲ್ಲೂ ಇಷ್ಟು ನೆಟ್ಟಗಿನ ವಾಕ್ಯ ಇರಲಿಲ್ಲ. ಅಪ್ಪ ಎದ್ದು ಅಂಗಳಕ್ಕೆ ಹೋದರು.

ನಿನ್ನೆ ವಿಜಯದಶಮಿ. ಪೆಟ್ಟಿಗೆಗೆ ಹೂವು ಮಾತ್ರ, ಅದೂ ಮುಚ್ಚಳದ ಮೇಲೆ. ಸಾಲಾಗಿ ನಿಂತವರು ಮನೆ ಅದುಮುವಾಗ ಅಪ್ಪ ತಿದಿ ಒತ್ತಿದರು. ಪ್ರತಿಯೊಬ್ಬರ ಬೆರಳಿಗೂ ಸ ನುಡಿಯಿತು. ಪಕ್ಕದ ಮನೆಯ ಕಮಲಾದೇವಿ ಆಂಟಿ, ಇದೇನು ಹೊಸ ಶಾಸ್ತ್ರ ಎಂದರು. ಸ್ವರ ಉಳಿಸೋ ಶಾಸ್ತ್ರ ಎಂದೆ. ನಾನೂ ಒತ್ತಿದೆ. ಕಣ್ಣಿಗೆ ಒತ್ತಿಕೊಳ್ಳಲಿಲ್ಲ, ಆದರೆ ಬೆರಳನ್ನು ಬೇಗ ತೆಗೆಯಲೂ ಮನಸ್ಸಾಗಲಿಲ್ಲ.

ದೀಪಾವಳಿಗೆ ಬನ್ನಿ. ಹಾಡಲೇಬೇಕೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರು ನಮ್ಮ ಮನೆಯಲ್ಲಿ ಆಗಲೇ ತುಂಬ ಜನ ಆಗಿಹೋಗಿದ್ದಾರೆ. ನಿಮ್ಮ ಬೆರಳಿನಿಂದ ಆ ಸ ಒಮ್ಮೆ ಒತ್ತಿ ನೋಡಿದರೆ ಸಾಕು. ಹಬ್ಬ ಮುಗಿದ ಮೇಲೆ ಬೇರೆ ಊರಿನವರಿಗೆ ಕುಂಕುಮ ಕಳಿಸುವುದು ರೂಢಿಯಲ್ಲವೇ? ನಾನೂ ಕಳಿಸುತ್ತಿದ್ದೇನೆ. ಪೊಟ್ಟಣದಲ್ಲಿ ಇರುವುದು ಆ ನಾಲಿಗೆಯಿಂದ ಉದುರಿದ ಚೂರು. ಹಣೆಗೆ ಇಡಬೇಡಿ, ಕಿಲುಬು ಇದೆ. ಇಷ್ಟೇ ಇಷ್ಟು ಭಾರ ಎಂದು ಅಂಗೈಯಲ್ಲಿ ಹಾಕಿಕೊಂಡು ನೋಡಿ.

ನಿಮ್ಮ ಆಶೀರ್ವಾದ ಎಂದಿನಂತೆ ಇರಲಿ. ಅದೊಂದನ್ನು ನಾನು ಪ್ರಶ್ನೆ ಕೇಳದೆ ತೆಗೆದುಕೊಳ್ಳುತ್ತೇನೆ.

ನಿಮ್ಮ,
ಇಂಚರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಎಲ್ಲರೂ ಹೋದ ಮೇಲೆ ಅಪ್ಪ ಪೆಟ್ಟಿಗೆಯ ಮುಂದೆಯೇ ಕೂತಿದ್ದರು. ನಾನು ಮುಚ್ಚಳ ಹಾಕಲು ಹೋದಾಗ ಹೇಳಿದರು. "ಅವತ್ತು ಎರಡನೇ ಸಾಲಿಗೇ ನನಗೆ ಗೊತ್ತಾಯ್ತು ಇಂಚರಾ, ಇಳಿದಿರೋದು ಪೆಟ್ಟಿಗೆ, ವಿಮಲಾ ಅಲ್ಲ ಅಂತ. ನಿಲ್ಲಿಸಿ ಹೇಳಬಹುದಿತ್ತು. ಬಂದವರ ಮುಂದೆ ನಮ್ಮಪ್ಪನ ಪೆಟ್ಟಿಗೆ ಸರಿಯಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವಳ ಮೇಲೆ ಹೋದರೆ ಹೋಗಲಿ ಅಂತ ಸುಮ್ಮನಾದೆ." ಆ ವಾರವೇ ಅದನ್ನು ಅಟ್ಟಕ್ಕೆ ಹಾಕಿದ್ದು ಅವರೇ. ಸಂಗೀತದ ಮೇಲೆ ಆಸೆ ಹೋಯಿತು ಎಂದು ನಾವು ಅಂದುಕೊಂಡಿದ್ದೆವು. ಇದನ್ನು ನೀವೇ ಬರೆಯಿರಿ ಎಂದೆ. ನೀನೇ ಬರಿ, ನನ್ನ ಕೈಬರಹ ಕಂಡರೆ ಅವಳು ಕವರನ್ನೇ ಒಡೆಯಲ್ಲ ಎಂದರು. ನಾನು ಅವರನ್ನು ಇನ್ನೂ ಮಾತಾಡಿಸಿಲ್ಲ. ನೀವು ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು. ಇದನ್ನು ಬರೆಯುತ್ತಿರುವಾಗ ಅವರು ನಡುಮನೆಯಲ್ಲಿ ಒಂದೇ ಸ ಹಿಡಿದು ಕೂತಿದ್ದಾರೆ. ಹಾಡು ಶುರುಮಾಡುತ್ತಿಲ್ಲ.